ಚಾರ್ಜರ್ ಕೆಟ್ಟಿದೆ, ವಾರಂಟಿ ಇನ್ನೂ ಇದೆ

ಲ್ಯಾಪ್‌ಟಾಪ್ ಚಾರ್ಜರ್ ಕೆಟ್ಟಿತು ಎಂದರೆ ಹಾಸ್ಟೆಲ್‌ನಲ್ಲಿ ಎಲ್ಲರಿಂದಲೂ ಬರುವ ಸಲಹೆ ಒಂದೇ: ‘ಡೂಪ್ಲಿಕೇಟ್ ತಗೊಂಡ್ಬಿಡೋ ಮಗಾ, ಏಳ್ನೂರು ರೂಪಾಯಿ. ಸರ್ವಿಸ್ ಸೆಂಟರ್‌ನೋರ ಹಿಂದೆ ಯಾರು ಅಲೀತಾರೆ?’ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೊಂಡ ಮೊದಲ ವರ್ಷದೊಳಗೆ ಚಾರ್ಜರ್ ತಾನಾಗಿ ಸತ್ತರೆ ಅದನ್ನು ಬದಲಿಸಿಕೊಡುವುದು ಕಂಪನಿಯ ಕೆಲಸ. ಆ ಹಣವನ್ನು ನಾವು ಲ್ಯಾಪ್‌ಟಾಪ್‌ನ ಬೆಲೆಯಲ್ಲೇ ಕೊಟ್ಟಾಗಿದೆ. ಅದಕ್ಕಾಗಿ ಅಲೆಯಬೇಕಾಗಿಯೂ ಇಲ್ಲ. ಸರಿಯಾಗಿ ಬರೆದ ಒಂದು ಇಮೇಲ್, ಅದಕ್ಕೆ ಉತ್ತರ ಬಂದ ಮೇಲೆ ಇನ್ನೊಂದು, ಹೆಚ್ಚಿನ ಸಲ ಇಷ್ಟು ಸಾಕು.

ನಾನು ಬಿ.ಇ. ವಿದ್ಯಾರ್ಥಿ. ನನ್ನ ಲ್ಯಾಪ್‌ಟಾಪ್‌ನ ಬಿಲ್ಲಿನಲ್ಲಿರುವ ದಿನಾಂಕ 2024ರ ಆಗಸ್ಟ್ 3. ಅದರ ಚಾರ್ಜರ್ ನಿಂತದ್ದು 2025ರ ಜೂನ್ 24ರಂದು. ಲೆಕ್ಕಕ್ಕೆ ವರ್ಷ ತುಂಬಲು ಇನ್ನೂ ತಿಂಗಳ ಮೇಲಿತ್ತು. ಆದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿದರೆ, ‘ವಾರಂಟಿ ಜೂನ್ 11ಕ್ಕೆ ಮುಗಿದಿದೆ’ ಎಂದು ತೋರಿಸಿತು. ಅನೇಕರು ಇಲ್ಲಿಗೇ ಕೈಚೆಲ್ಲಿ ಡೂಪ್ಲಿಕೇಟ್ ಅಂಗಡಿಗೆ ನಡೆಯುತ್ತಾರೆ. ಆದ್ದರಿಂದ ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿದಿರಬೇಕು.

ಲ್ಯಾಪ್‌ಟಾಪ್ ಅಂಗಡಿಯಿಂದ ಯಾವತ್ತು ನಮ್ಮ ಕೈಗೆ ಬಂತು ಎಂಬುದು ಕಂಪನಿಯ ಕಂಪ್ಯೂಟರಿಗೆ ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಮಾಲು ತನ್ನ ಗೋದಾಮಿನಿಂದ ಹೊರಟ ದಿನ ಮಾತ್ರ. ಬೇರೆ ಮಾಹಿತಿ ಇಲ್ಲದಿದ್ದರೆ ಹಲವು ಕಂಪನಿಗಳ ದಾಖಲೆಯಲ್ಲಿ ವಾರಂಟಿಯ ಎಣಿಕೆ ಆ ದಿನದಿಂದಲೇ ಶುರುವಾಗುತ್ತದೆ. ನನ್ನ ಯಂತ್ರ ವಿತರಕರ ಬಳಿ, ಅಂಗಡಿಯ ಕಪಾಟಿನಲ್ಲಿ ಕಳೆದ 52 ದಿನಗಳು ನನ್ನ ವಾರಂಟಿಯಿಂದ ಕಳೆದುಹೋಗಿದ್ದವು. ನನ್ನ ವಾರಂಟಿ ಕಾರ್ಡ್‌ನಲ್ಲಾದರೋ ಅವಧಿ ‘ಖರೀದಿಸಿದ ದಿನಾಂಕದಿಂದ’ ಒಂದು ವರ್ಷ, ಚಾರ್ಜರ್ ಸೇರಿ, ಎಂದು ಸ್ಪಷ್ಟವಾಗಿತ್ತು. ಅಂದರೆ ಕಾರ್ಡ್ ಒಂದು ಹೇಳುತ್ತದೆ, ಪರದೆ ಇನ್ನೊಂದು ಹೇಳುತ್ತದೆ. ಇವೆರಡರ ನಡುವೆ ತೀರ್ಪು ಕೊಡುವುದು ಬಿಲ್ಲು.

ಬರೆಯುವ ಮೊದಲು ಒಂದು ಕೆಲಸವಿದೆ. ಕೆಟ್ಟಿರುವುದು ಚಾರ್ಜರೇ ಎಂದು ನಮಗೆ ಖಾತ್ರಿಯಾಗಬೇಕು. ಗೋಡೆಯ ಪ್ಲಗ್‌ನಿಂದ ಅಡಾಪ್ಟರ್ ಪೆಟ್ಟಿಗೆಗೆ ಬರುವ ವೈರು ಬೇರೆ, ಪೆಟ್ಟಿಗೆಯಿಂದ ಲ್ಯಾಪ್‌ಟಾಪ್‌ಗೆ ಹೋಗುವ ವೈರು ಬೇರೆ. ಮೊದಲನೆಯದನ್ನು ರೂಮ್‌ಮೇಟ್‌ನ ವೈರಿನಿಂದ ಬದಲಿಸಿ ನೋಡಿದೆ, ಫಲವಿಲ್ಲ. ಅದೇ ಮಾಡೆಲ್ ಇಟ್ಟುಕೊಂಡಿರುವ ಗೆಳೆಯನ ಚಾರ್ಜರ್ ಹಾಕಿದೆ, ನನ್ನ ಲ್ಯಾಪ್‌ಟಾಪ್ ಚಾರ್ಜ್ ಆಯಿತು. ನನ್ನ ಚಾರ್ಜರ್ ಅವನ ಲ್ಯಾಪ್‌ಟಾಪ್‌ಗೆ ಹಾಕಿದರೆ ಆಗಲಿಲ್ಲ. ದೋಷ ಲ್ಯಾಪ್‌ಟಾಪ್‌ನಲ್ಲಿಲ್ಲ ಎಂಬುದಕ್ಕೆ ಇಷ್ಟೇ ಸಾಕು. ಲ್ಯಾಬ್‌ನಲ್ಲಿ ಮಲ್ಟಿಮೀಟರ್ ಇದ್ದುದರಿಂದ ಅದನ್ನೂ ಹಿಡಿದೆ. ಚಾರ್ಜರ್ ಮೇಲಿನ ಚೀಟಿಯಲ್ಲಿ 20 ವೋಲ್ಟ್, 3.25 ಆಂಪಿಯರ್ ಎಂದಿದೆ, ಗುಣಿಸಿದರೆ 65 ವ್ಯಾಟ್. ಪಿನ್ನಿನ ಒಳಭಾಗ ಮತ್ತು ಹೊರಭಾಗದ ನಡುವೆ ಸುಮಾರು 20 ವೋಲ್ಟ್ ತೋರಿಸಬೇಕಿತ್ತು. ತೋರಿಸಿದ್ದು ಸೊನ್ನೆ. ಒಂದು ಎಚ್ಚರಿಕೆ: ಈ ಪರೀಕ್ಷೆ ದುಂಡು ಪಿನ್ನಿನ ಚಾರ್ಜರ್‌ಗಳಿಗೆ ಮಾತ್ರ. ಟೈಪ್-ಸಿ ಚಾರ್ಜರ್ ಎದುರಿಗೆ ಸಾಧನವಿದೆ ಎಂದು ಗುರುತಿಸುವ ತನಕ ವಿದ್ಯುತ್ತನ್ನೇ ಬಿಡುವುದಿಲ್ಲ. ಚೆನ್ನಾಗಿರುವ ಚಾರ್ಜರ್ ಕೂಡ ಅಲ್ಲಿ ಸೊನ್ನೆ ತೋರಿಸಬಹುದು. ಅದಕ್ಕೆ ಅದಲು ಬದಲು ಪರೀಕ್ಷೆಯೇ ಸರಿ.

ಪೆಟ್ಟಿಗೆಯನ್ನು ಬಿಚ್ಚುವ ಆಸೆ ಎಂಜಿನಿಯರಿಂಗ್ ಹುಡುಗರಿಗೆ ಸಹಜ. ದಯವಿಟ್ಟು ಬೇಡ. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ದೊಡ್ಡ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ನಿಂತಿರುತ್ತದೆ. ಪ್ಲಗ್ ತೆಗೆದ ಕೂಡಲೇ ಅದು ಹೋಗಿಬಿಡುತ್ತದೆ ಎಂಬ ಭರವಸೆಯಿಲ್ಲ. ಕೆಟ್ಟ ಚಾರ್ಜರ್‌ನಲ್ಲಂತೂ ಇಲ್ಲವೇ ಇಲ್ಲ. ಜೊತೆಗೆ, ಬಿಚ್ಚಿದ ಪೆಟ್ಟಿಗೆಗೆ ವಾರಂಟಿ ಸಿಗದು. ವೈರಿಗೆ ಇನ್ಸುಲೇಶನ್ ಟೇಪ್ ಸುತ್ತುವುದೂ ಹಾಗೆಯೇ. ನಮ್ಮ ಸೀನಿಯರ್ ಒಬ್ಬರು ‘ಸೇಫ್ ಆಗಿರಲಿ’ ಎಂದು ಟೇಪ್ ಸುತ್ತಿದ್ದರು. ಕೌಂಟರಿನಲ್ಲಿದ್ದವರು ಅದನ್ನು ಕಂಡದ್ದೇ ‘ಫಿಸಿಕಲ್ ಡ್ಯಾಮೇಜ್’ ಎಂದು ಬರೆದು ವಾಪಸು ಕೊಟ್ಟರು. ಟೇಪ್‌ನ ಕೆಳಗೆ ವೈರು ಚೆನ್ನಾಗಿಯೇ ಇತ್ತು.

ಇನ್ನು ಇಮೇಲ್. ನಮ್ಮವರು ಬರೆಯುವ ಇಂಥ ಮೇಲ್‌ಗಳಲ್ಲಿ ಸಂಕಟ ಬಹಳ ಇರುತ್ತದೆ: ಇಂಟರ್ನಲ್ಸ್ ಹತ್ತಿರ ಬಂದಿದೆ, ಪ್ರಾಜೆಕ್ಟ್ ನಿಂತಿದೆ, ದಯಮಾಡಿ ಬೇಗ ಕಳಿಸಿ. ಅದೆಲ್ಲ ನಿಜವೇ. ಆದರೆ ಓದುವ ಸಿಬ್ಬಂದಿಯ ಮುಂದಿರುವುದು ತುಂಬಬೇಕಾದ ಒಂದು ಫಾರ್ಮ್. ಅದರಲ್ಲಿ ಸೀರಿಯಲ್ ನಂಬರ್, ಖರೀದಿ ದಿನಾಂಕ, ದೋಷ, ಏನು ಮಾಡಬೇಕು ಎಂಬ ಖಾನೆಗಳಿವೆ. ಇಂಟರ್ನಲ್ಸ್‌ಗೆ ಖಾನೆ ಇಲ್ಲ. ಒಂದು ಖಾನೆ ಖಾಲಿ ಉಳಿದರೂ ‘ಹೆಚ್ಚಿನ ವಿವರ ಕಳಿಸಿ’ ಎಂಬ ಉತ್ತರ ಬರುತ್ತದೆ, ವಾರ ಕಳೆಯುತ್ತದೆ. ನಾನು ಇಂಗ್ಲಿಷಿನಲ್ಲಿ ಬರೆದ ಮೇಲ್‌ನ ಕನ್ನಡ ರೂಪ ಹೀಗಿದೆ:

> ವಿಷಯ: ವಾರಂಟಿ ಅವಧಿಯಲ್ಲೇ ಚಾರ್ಜರ್ ಕೆಟ್ಟಿದೆ, ಬದಲಿ ಬೇಕು (ಸೀರಿಯಲ್ ನಂಬರ್ ಸಹಿತ)
>
> ಮಾನ್ಯರೇ,
>
> ಲ್ಯಾಪ್‌ಟಾಪ್ ಖರೀದಿಸಿದ್ದು 2024ರ ಆಗಸ್ಟ್ 3ರಂದು. ಅದರೊಂದಿಗೆ ಬಂದ 65 ವ್ಯಾಟ್ ಚಾರ್ಜರ್ 2025ರ ಜೂನ್ 24ರಿಂದ ಕೆಲಸ ಮಾಡುತ್ತಿಲ್ಲ. ಅದೇ ಮಾಡೆಲ್‌ನ ಇನ್ನೊಂದು ಚಾರ್ಜರ್‌ನಲ್ಲಿ ನನ್ನ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ. ನನ್ನ ಚಾರ್ಜರ್ ಬೇರೆ ಲ್ಯಾಪ್‌ಟಾಪ್‌ನಲ್ಲೂ ಕೆಲಸ ಮಾಡುವುದಿಲ್ಲ. ವೈರಿನಲ್ಲಿ ಕತ್ತರಿಸಿದ, ಸುಟ್ಟ ಅಥವಾ ನೀರು ಬಿದ್ದ ಗುರುತಿಲ್ಲ. ಬಿಲ್, ಚಾರ್ಜರ್‌ನ ಚೀಟಿ ಹಾಗೂ ಪೂರ್ತಿ ವೈರಿನ ಫೋಟೊ ಲಗತ್ತಿಸಿದ್ದೇನೆ. ಬಿಲ್ ನನ್ನ ತಂದೆಯವರ ಹೆಸರಿನಲ್ಲಿದೆ. ವಾರಂಟಿ ಪ್ರಕಾರ ಚಾರ್ಜರ್ ಬದಲಿಸಿಕೊಡಿ, ದೂರಿನ ಸಂಖ್ಯೆ ತಿಳಿಸಿ.

ಬಿಲ್ ಅಪ್ಪನ ಹೆಸರಿನಲ್ಲಿದೆ ಎಂಬ ಸಾಲು ಸಣ್ಣದು, ಆದರೆ ನಮ್ಮಂಥವರಿಗೆ ಬೇಕಾದದ್ದು. ಮೇಲ್ ಕಳಿಸುವವರ ಹೆಸರು ಒಂದು, ಬಿಲ್ಲಿನ ಹೆಸರು ಇನ್ನೊಂದು ಆದರೆ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಒಂದು ಸುತ್ತು ಉಳಿಯುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರದಿದ್ದರೆ ಅಂಗಡಿಯವರಿಂದಲೇ ಬರೆಸಿ ಮೊಹರು ಹಾಕಿಸಿಕೊಳ್ಳಬೇಕು. ಜಿಎಸ್‌ಟಿ ಉಳಿಯುತ್ತದೆಂದು ಬಿಳಿ ಚೀಟಿಯಲ್ಲಿ ಬರೆಸಿಕೊಂಡ ಲೆಕ್ಕ ಇಂಥ ಹೊತ್ತಿನಲ್ಲಿ ಕೈಕೊಡುತ್ತದೆ.

ಮಾರನೆಯ ದಿನ ಉತ್ತರ ಬಂತು: ‘ನಿಮ್ಮ ವಾರಂಟಿ ಮುಗಿದಿದೆ. ಹೊಸ ಚಾರ್ಜರ್‌ಗೆ 3,400 ರೂಪಾಯಿ.’ ಬಿಲ್ ತೆರೆದು ನೋಡದೆ, ಪರದೆಯನ್ನಷ್ಟೇ ನೋಡಿ ಬರೆದ ಉತ್ತರ ಅದು. ಇಲ್ಲಿ ಕೋಪ ಬರುವುದು ಸರಿಯೇ, ಆದರೆ ಕೋಪಕ್ಕೂ ಫಾರ್ಮ್‌ನಲ್ಲಿ ಖಾನೆಯಿಲ್ಲ. ಎರಡನೆಯ ಮೇಲ್ ಅನ್ನು ಅದೇ ಮೇಲ್‌ಗೆ ಉತ್ತರವಾಗಿ ಬರೆದೆ. ಹೊಸದಾಗಿ ಕಳಿಸಿದರೆ ಹಳೆಯ ದಾಖಲೆಯ ಕೊಂಡಿ ತಪ್ಪುತ್ತದೆ. ಚಾರ್ಜರ್‌ನ ಮಾತನ್ನು ಪಕ್ಕಕ್ಕಿಟ್ಟು ಮೊದಲು ದಿನಾಂಕವನ್ನು ಹಿಡಿದೆ. ವಾರಂಟಿ ಕಾರ್ಡ್‌ನ ‘ಖರೀದಿಸಿದ ದಿನಾಂಕದಿಂದ’ ಎಂಬ ಸಾಲಿನ ಫೋಟೊ ಹಾಕಿದೆ. ಬಿಲ್ಲಿನ ಪ್ರಕಾರ ಅವಧಿ 2025ರ ಆಗಸ್ಟ್ 2ರವರೆಗೆ ಇದೆ, ನಿಮ್ಮ ದಾಖಲೆಯನ್ನು ತಿದ್ದಿ ಎಂದೆ. ಕೊನೆಗೆ ಒಂದೇ ವಾಕ್ಯ: ಜುಲೈ 7ರೊಳಗೆ ಉತ್ತರ ಬರದಿದ್ದರೆ ಈ ಪತ್ರವ್ಯವಹಾರದೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ.

ಜುಲೈ 2ಕ್ಕೆ ದಿನಾಂಕ ತಿದ್ದುಪಡಿಯಾಯಿತು, ದೂರಿನ ಸಂಖ್ಯೆ ಬಂತು. 9ರಂದು ಹಳೆಯದನ್ನು ಒಪ್ಪಿಸಿ ಹೊಸ ಚಾರ್ಜರ್ ತಂದೆ. ಜಾಬ್ ಶೀಟ್‌ನಲ್ಲಿ ಹೊಸ ಚಾರ್ಜರ್‌ನ ನಂಬರ್ ಬರೆಸಿಕೊಂಡಿದ್ದೇನೆ, ಮುಂದೆ ಬೇಕಾಗಬಹುದು.

ಸಹಾಯವಾಣಿಯ ಮಾತು ಬರಿಯ ಬೆದರಿಕೆ ಆಗಬಾರದು, ಅದರ ಹಿಂದಿರುವುದೇನು ಎಂದು ತಿಳಿದಿರಬೇಕು. 1915ಕ್ಕೆ ಕರೆ ಮಾಡಿದರೆ ಅವರು ದೂರನ್ನು ಕಂಪನಿಗೆ ತಲುಪಿಸಿ ರಾಜಿಗೆ ಯತ್ನಿಸುತ್ತಾರೆ, ತೀರ್ಪು ಕೊಡುವುದಿಲ್ಲ. ತೀರ್ಪು ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರನ್ನು ನಾವು ವಾಸವಿರುವ ಊರಿನಲ್ಲೇ ಹಾಕಬಹುದು, ಕಂಪನಿಯ ಕಚೇರಿ ಇರುವಲ್ಲಿಗೆ ಹೋಗಬೇಕಾಗಿಲ್ಲ. ಕೊಂಡ ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಅಲ್ಲಿ ಕೇಳುವ ಮೊದಲ ಪ್ರಶ್ನೆ, ‘ಕಂಪನಿಗೆ ಯಾವಾಗ ತಿಳಿಸಿದಿರಿ, ಅವರು ಏನೆಂದರು?’ ಫೋನಿನಲ್ಲಿ ಅರ್ಧ ಗಂಟೆ ಸಂಗೀತ ಕೇಳಿ ಆಡಿದ ಮಾತಿಗೆ ನಮ್ಮ ಬಳಿ ಸಾಕ್ಷಿ ಇರುವುದಿಲ್ಲ. ಇಮೇಲ್‌ನಲ್ಲಿ ದಿನ, ಗಂಟೆ, ಅವರ ಉತ್ತರ ಎಲ್ಲವೂ ಉಳಿಯುತ್ತದೆ. ನಾನು ಇಮೇಲ್‌ನ ಪರ ವಾದಿಸುವುದು ಇದಕ್ಕೇ.

‘ಎರಡು ವಾರ ಕಾಯುವ ಬದಲು ಏಳ್ನೂರು ಕೊಟ್ಟಿದ್ದರೆ ಮುಗಿಯುತ್ತಿತ್ತಲ್ಲ’ ಎಂದು ಗೆಳೆಯರು ಕೇಳಿದರು. ಆ ಎರಡು ವಾರ ಗೆಳೆಯನ ಚಾರ್ಜರನ್ನು ಸರದಿಯಲ್ಲಿ ಹಂಚಿಕೊಂಡದ್ದು ಕಷ್ಟವೇ ಆಗಿತ್ತು, ಒಪ್ಪುತ್ತೇನೆ. ಆದರೆ ಅಡಾಪ್ಟರ್‌ಗಳಿಗೆ ನಮ್ಮಲ್ಲಿ ಬಿಐಎಸ್ ನೋಂದಣಿ ಕಡ್ಡಾಯ. ಅಸಲಿ ಚಾರ್ಜರ್ ಮೇಲೆ `R-` ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದಿಲ್ಲದ, ಅಥವಾ ಅದನ್ನು ಸುಮ್ಮನೆ ಅಚ್ಚು ಹಾಕಿಕೊಂಡ ಪೆಟ್ಟಿಗೆಯಿಂದ ಐವತ್ತು ಸಾವಿರದ ಯಂತ್ರದ ಬೋರ್ಡ್ ಸುಟ್ಟರೆ ಆಗ ಕಂಪನಿ ‘ನಮ್ಮ ಚಾರ್ಜರ್ ಅಲ್ಲ’ ಎಂದು ಕೈತೊಳೆದುಕೊಳ್ಳುತ್ತದೆ, ಅಂಗಡಿಯವನೂ ಸಿಗುವುದಿಲ್ಲ.

ಕಂಪನಿಗಳಿಗೂ ಒಂದು ಮಾತಿದೆ. ಮಾರಾಟದ ದಿನ ನಿಮಗೆ ಗೊತ್ತಾಗುವುದಿಲ್ಲ ಎಂಬುದು ಅರ್ಥವಾಗುತ್ತದೆ. ಹಾಗಿದ್ದರೆ ಪರದೆಯ ಮೇಲೆ ‘ಮುಗಿದಿದೆ’ ಎಂದು ಖಚಿತವಾಗಿ ಏಕೆ ಬರೆಯುತ್ತೀರಿ? ‘ಇದು ಅಂದಾಜು, ಬಿಲ್ ಕಳಿಸಿದರೆ ತಿದ್ದುತ್ತೇವೆ’ ಎಂದು ಬರೆಯಲು ಒಂದು ಸಾಲು ಸಾಕು. ಆ ಸಾಲು ಇಲ್ಲದ ಕಾರಣಕ್ಕೆ ಎಷ್ಟೋ ವಿದ್ಯಾರ್ಥಿಗಳು ತಮ್ಮದೇ ಹಕ್ಕಿನ ಚಾರ್ಜರ್‌ಗೆ ಮತ್ತೊಮ್ಮೆ ಹಣ ಕೊಡುತ್ತಿದ್ದಾರೆ. ಓದುಗ ಗೆಳೆಯರಿಗೆ ಹೇಳುವುದು ಇಷ್ಟೇ: ನಿಮ್ಮ ಲ್ಯಾಪ್‌ಟಾಪ್ ಇನ್ನೂ ಹೊಸದಾಗಿದ್ದರೆ ಇವತ್ತೇ ವೆಬ್‌ಸೈಟ್‌ನ ದಿನಾಂಕವನ್ನು ಬಿಲ್ಲಿನೊಂದಿಗೆ ಹೋಲಿಸಿ ನೋಡಿ. ತಪ್ಪಿದ್ದರೆ ಚಾರ್ಜರ್ ಚೆನ್ನಾಗಿರುವಾಗಲೇ ತಿದ್ದಿಸಿ.