ಮೊಬೈಲ್ ಮರೆಯಲ್ಲಿ ಉಳಿದುಹೋಗುವ ಅಂಜಿಕೆ

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚ್ ಅಂಗಳದ ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಒಬ್ಬರೇ ನಿಲ್ಲುವ ಮಕ್ಕಳ ಬಗ್ಗೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತದೆ. ಹಿರಿಯರು "ಇವರಿಗೆ ಮೊಬೈಲ್ ಹುಚ್ಚು" ಎನ್ನುತ್ತಾರೆ. ಮನೆಯವರು "ನಾಚಿಕೆ ಸ್ವಭಾವ, ದೊಡ್ಡವರಾದ ಮೇಲೆ ಸರಿಹೋಗುತ್ತದೆ" ಎನ್ನುತ್ತಾರೆ. ಈ ಮಕ್ಕಳಲ್ಲಿ ಕೆಲವರ ವಿಷಯದಲ್ಲಿ ಎರಡೂ ಮಾತು ತಪ್ಪು ಎಂಬುದು ನಮ್ಮ ಅಭಿಪ್ರಾಯ. ಜನರ ಮುಂದೆ ನಗೆಪಾಟಲಾಗುತ್ತೇವೆ ಎಂಬ ಭಯದಿಂದ ಅವರು ಮೊಬೈಲನ್ನು ಮರೆಯಾಗಿ ಹಿಡಿದಿರುತ್ತಾರೆ. ಆ ಮರೆಯೇ ಭಯ ಕರಗದಂತೆ ನೋಡಿಕೊಳ್ಳುತ್ತದೆ.

ಅದು ಹೇಗೆಂದು ನೋಡೋಣ. ಭಯ ಹುಟ್ಟಿಸುವ ಜಾಗಕ್ಕೆ ಹೋಗದೇ ಇರುವುದು ತಪ್ಪಿಸಿಕೊಳ್ಳುವಿಕೆ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಹೋಗಿಯೂ ತಪ್ಪಿಸಿಕೊಳ್ಳಬಹುದು. ಹಿಂದಿನ ಬೆಂಚು, ಕಿವಿಗೆ ಇಯರ್‌ಫೋನ್, ಬಾರದ ಮೆಸೇಜನ್ನು ಬಂದಂತೆ ನೋಡುವುದು, ಫೋನ್ ಕರೆ ಎತ್ತದೆ ಆಮೇಲೆ ವಾಟ್ಸಾಪಿನಲ್ಲಿ ಉತ್ತರಿಸುವುದು, ಒಂದು ಸಾಲನ್ನು ಐದು ಸಲ ಬರೆದು ಅಳಿಸುವುದು, ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಮನಶ್ಶಾಸ್ತ್ರಜ್ಞರು ಇವನ್ನು ಸುರಕ್ಷತಾ ವರ್ತನೆಗಳು ಎನ್ನುತ್ತಾರೆ.

ಇವು ತಕ್ಷಣ ನೆಮ್ಮದಿ ಕೊಡುತ್ತವೆ. ತೊಂದರೆ ಇರುವುದು ಆಮೇಲಿನ ಲೆಕ್ಕದಲ್ಲಿ. ಸಭೆ ಮುಗಿಯಿತು, ಯಾರೂ ನಗಲಿಲ್ಲ. ಆದರೆ ಮನಸ್ಸು "ಜನ ನಗುವವರಲ್ಲ" ಎಂದು ಕಲಿಯುವುದಿಲ್ಲ. "ಮೊಬೈಲ್ ಇದ್ದುದರಿಂದ ಬಚಾವಾದೆ" ಎಂದು ಕಲಿಯುತ್ತದೆ. ನಡೆಯದೇ ಹೋದ ಅನಾಹುತದ ಕೀರ್ತಿ ಪ್ರತಿ ಸಲವೂ ಮೊಬೈಲಿಗೆ ಸಲ್ಲುತ್ತದೆ. ಹೀಗಾಗಿ ನೂರು ಸಭೆಗಳಿಗೆ ಬಂದು ಕುಳಿತರೂ ಅಂಜಿಕೆ ಮೊದಲ ದಿನದಷ್ಟೇ ಇರಬಹುದು. ಇನ್ನೂ ಒಂದು ನಷ್ಟವಿದೆ. ತಲೆ ತಗ್ಗಿಸಿ ಪರದೆ ನೋಡುವವರನ್ನು ಯಾರೂ ಮಾತಾಡಿಸುವುದಿಲ್ಲ. "ಇವನಿಗೆ ನಾವು ಬೇಡ" ಎಂದು ಉಳಿದವರು ದೂರ ಸರಿಯುತ್ತಾರೆ. ಅವನು ಹೆದರಿದ್ದ ಒಂಟಿತನವನ್ನು ಮರೆಯೇ ತಂದುಕೊಡುತ್ತದೆ.

1995ರಲ್ಲಿ ಆಡ್ರಿಯನ್ ವೆಲ್ಸ್, ಡೇವಿಡ್ ಕ್ಲಾರ್ಕ್ ಮತ್ತವರ ಸಂಗಡಿಗರು ಸಾಮಾಜಿಕ ಆತಂಕವಿದ್ದ ಎಂಟು ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಹೆದರಿಕೆಯ ಸನ್ನಿವೇಶವನ್ನು ಸುಮ್ಮನೆ ಎದುರಿಸುವುದಕ್ಕಿಂತ, ಸುರಕ್ಷತಾ ವರ್ತನೆಯನ್ನು ಬಿಟ್ಟು ಎದುರಿಸಿದಾಗ ಆತಂಕವೂ ಕೆಟ್ಟದಾಗುತ್ತದೆಂಬ ನಂಬಿಕೆಯೂ ಹೆಚ್ಚು ಇಳಿದವು. ಆಗ ಸ್ಮಾರ್ಟ್‌ಫೋನ್ ಇರಲಿಲ್ಲ, ಪರೀಕ್ಷೆಯೂ ಚಿಕ್ಕದು. ಆದರೆ ಈ ವಿಚಾರ ಇಂದಿಗೂ ಸಾಮಾಜಿಕ ಆತಂಕದ ಚಿಕಿತ್ಸೆಯ ಒಂದು ಮುಖ್ಯ ಭಾಗ.

ನಮ್ಮ ಕಾಸರಗೋಡಿನ ಕಡೆ ಎಲ್ಲಿ ಬೇಕಾದರೂ ಇರಬಹುದಾದ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಪ್ಲಸ್ ವನ್. ತರಗತಿಯ ಹೆಚ್ಚಿನವರ ಮಾತು ಮಲಯಾಳಂ. ತನ್ನ ಮಲಯಾಳಂ ಕೇಳಿದರೆ ನಗುತ್ತಾರೆಂದು ಅವನು ಮೊಬೈಲಿನಲ್ಲಿ ಅನುವಾದ ಮಾಡಿದ ಸಾಲನ್ನು ಓದಿ ಹೇಳುತ್ತಾನೆ, ಇಲ್ಲವೇ ಪರದೆಯನ್ನೇ ತೋರಿಸುತ್ತಾನೆ. ಕ್ರಮೇಣ ಚರ್ಚಿನ ಯುವಜನರ ಸಭೆಯಲ್ಲಿ, ಕನ್ನಡ, ಕೊಂಕಣಿಯಲ್ಲೇ ಮಾತಾಡುವವರ ನಡುವೆಯೂ, ಅವನು ಮೊಬೈಲ್ ಹಿಡಿದು ಮೌನವಾಗಿರುತ್ತಾನೆ.

ಇವನಿಗೆ "ಧೈರ್ಯವಾಗಿ ಮಾತಾಡು" ಎಂದರೆ ಉಪಯೋಗವಿಲ್ಲ. ಅವನ ಭಯವನ್ನು ಪರೀಕ್ಷಿಸಬಹುದಾದ ಒಂದು ಊಹೆಯಾಗಿ ಮಾಡಿಕೊಳ್ಳಬೇಕು. ಅವನು ಬರೆದುಕೊಳ್ಳಲಿ: "ಕ್ಯಾಂಟೀನಿನಲ್ಲಿ ಪಕ್ಕದವನಿಗೆ ಮಲಯಾಳಂನಲ್ಲಿ ಒಂದು ಪ್ರಶ್ನೆ ಕೇಳಿದರೆ ಅವನು ನಕ್ಕು ಮುಖ ತಿರುಗಿಸುತ್ತಾನೆ." ಇದನ್ನು ಎಷ್ಟು ನಂಬುತ್ತೀಯ? ನೂರಕ್ಕೆ 80. ಇನ್ನು ಪರೀಕ್ಷೆ. ಮೊಬೈಲ್ ಕಿಸೆಯಲ್ಲಲ್ಲ, ಬ್ಯಾಗಿನೊಳಗೆ. ಪ್ರಶ್ನೆ ಚಿಕ್ಕದು: "ನಾಳೆ ಲ್ಯಾಬ್ ಇದೆಯಾ?" ಕೇಳುವಾಗ ಗಮನ ತನ್ನ ಬಡಿಯುವ ಎದೆಯ ಮೇಲೆ ಬೇಡ, ಎದುರಿನವನ ಮುಖದ ಮೇಲಿರಲಿ. ಅವನು ನಕ್ಕನೇ, ಉತ್ತರ ಕೊಟ್ಟನೇ, ತಿರುಗಿ ಏನಾದರೂ ಕೇಳಿದನೇ? ನಡೆದದ್ದನ್ನು ಅದೇ ದಿನ ಬರೆದಿಟ್ಟು, ಆ 80 ಈಗ ಎಷ್ಟಾಯಿತೆಂದು ನೋಡಬೇಕು. 60 ಆದರೂ ಅದು ಫಲವೇ. ನಾಳೆ ಬೇರೊಬ್ಬನೊಡನೆ, ನಾಡಿದ್ದು ಇಬ್ಬರಿರುವಲ್ಲಿ ಅದೇ ಪರೀಕ್ಷೆ.

ಎದೆ ಬಡಿಯಿತು ಎಂಬುದು ಸೋಲಲ್ಲ. ಊಹಿಸಿದ್ದು ನಡೆಯಿತೇ ಎಂಬುದೊಂದೇ ಇಲ್ಲಿ ಲೆಕ್ಕ. ಒಮ್ಮೊಮ್ಮೆ ಯಾರಾದರೂ ನಗಲೂಬಹುದು. ಆಗ ಮುಂದೇನಾಯಿತೆಂದು ನೋಡಬೇಕು: ನಕ್ಕವನು ಸರಿಯಾದ ಶಬ್ದ ಹೇಳಿಕೊಟ್ಟು ಮಾತು ಮುಂದುವರಿಸಿದನೇ? ನಕ್ಕ ಮೇಲೂ ಉಳಿಯಬಹುದು ಎಂಬುದು ಮರೆಯ ಹಿಂದೆ ನಿಂತವರಿಗೆ ಗೊತ್ತಾಗುವುದೇ ಇಲ್ಲ. ಇನ್ನೊಂದು ಎಚ್ಚರ: ಮೊಬೈಲ್ ಬಿಟ್ಟ ಜಾಗಕ್ಕೆ ಹೊಸ ಮರೆ ಬರುತ್ತದೆ. ಸಾಲನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಳ್ಳುವುದು, ಗೆಳೆಯನನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುವುದು ಇಂಥವು. "ಚೆನ್ನಾಗಿ ನಡೆಯಿತು, ಆದರೆ ಅದು ಇದ್ದುದರಿಂದ" ಎಂದು ಮನಸ್ಸು ಹೇಳಿದರೆ ಮರೆ ಇನ್ನೂ ಇದೆ ಎಂದರ್ಥ.

ಹಾಗೆಂದು ಮೊಬೈಲ್ ನೋಡುವವರೆಲ್ಲ ಅಂಜುಬುರುಕರಲ್ಲ. ಬೇಸರಕ್ಕೆ ನೋಡುವವರಿದ್ದಾರೆ, ಕ್ರಿಕೆಟ್ ಸ್ಕೋರಿಗೆ ನೋಡುವವರಿದ್ದಾರೆ. ಗುರುತಿಸಲು ಒಂದೇ ಪ್ರಶ್ನೆ ಸಾಕು: "ಈಗ ಇದು ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತದೆಂದು ಹೆದರುತ್ತೀಯ?" ಸ್ಕೋರು ತಪ್ಪುತ್ತದೆ ಎನ್ನುವವನ ಕಥೆ ಬೇರೆ. ಎಲ್ಲರೂ ನನ್ನನ್ನೇ ನೋಡುತ್ತಾರೆ ಎನ್ನುವವಳ ಕಥೆ ಬೇರೆ.

ಆದ್ದರಿಂದ ಹೆತ್ತವರು ಮೊಬೈಲ್ ಕಿತ್ತುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಕಿತ್ತುಕೊಂಡರೆ ಪರೀಕ್ಷೆ ನಡೆಯುವುದಿಲ್ಲ, ಮಗು ಸಭೆಗೆ ಬರುವುದನ್ನೇ ಬಿಡುತ್ತದೆ. ಹಾಗೆಯೇ ನೆಂಟರು ಕೇಳಿದ ಪ್ರಶ್ನೆಗೆ ಮಗಳ ಪರವಾಗಿ ಅಮ್ಮನೇ ಉತ್ತರಿಸುವುದೂ ಒಂದು ಮರೆಯೇ. ಎರಡು ಗಳಿಗೆ ಕಾಯುವುದು ಮೇಲು. ಯುವಜನರ ಸಂಘದಲ್ಲೂ ಚಿಕ್ಕ ಚಿಕ್ಕ ಮೆಟ್ಟಿಲುಗಳಿರಲಿ. ಅಂಜುವವರಿಗೆ ಮೊದಲ ದಿನವೇ ವಾಚನ ಕೊಡುವುದು ಬೇಡ, ಎಂದಿಗೂ ಕೊಡದಿರುವುದೂ ಬೇಡ. ಹಾಡಿನ ಪುಸ್ತಕ ಹಂಚುವುದು, ಒಬ್ಬ ಹಿರಿಯರಿಗೆ ಕರೆ ಮಾಡಿ ಸಭೆಯ ಸಮಯ ತಿಳಿಸುವುದು, ನಾಲ್ಕು ಮಂದಿಯ ನಡುವೆ ಒಂದು ವಿಶ್ವಾಸಿಗಳ ಪ್ರಾರ್ಥನೆ ಓದುವುದು, ಆಮೇಲೆ ವಾಚನ.

ಅಂಜುವ ಮಕ್ಕಳಿಗೆ "ನಿನಗೆ ವಿಶ್ವಾಸ ಸಾಲದು" ಎನ್ನುವವರೂ ಇದ್ದಾರೆ. ತನಗೆ ಮಾತು ಬಾರದೆಂದು ದೇವರಿಗೇ ಹೇಳಿದ ಮೋಶೆಯನ್ನು ಅವರು ನೆನೆಯಲಿ. ದೇವರು ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು, ಆದರೆ ಫರೋಹನ ಬಳಿಗೆ ಹೋಗುವುದನ್ನು ತಪ್ಪಿಸಲಿಲ್ಲ.

ಅಂಜಿಕೆ ಆರು ತಿಂಗಳಿಗೂ ಮಿಕ್ಕಿ ಉಳಿದು, ಶಾಲೆ, ಊಟ, ಗೆಳೆತನಕ್ಕೆ ಅಡ್ಡಬರುತ್ತಿದ್ದರೆ ಮನೆಯ ಪರೀಕ್ಷೆಗಳಷ್ಟೇ ಸಾಲವು. ಮಾನಸಿಕ ಆರೋಗ್ಯ ತಜ್ಞರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಂಖ್ಯೆ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕರೆ ಮಾಡುವುದೇ ಭಯವೆನಿಸುವವರ ಪಕ್ಕದಲ್ಲಿ ಮೊದಲ ಸಲ ಮನೆಯವರು ಕುಳಿತುಕೊಳ್ಳಲಿ. ಮಾತು ಮಾತ್ರ ಅವರದೇ ಆಗಿರಲಿ.