ಟೆಂಡರಿನಲ್ಲಿ ಕೇಳುವ ಪ್ರಶ್ನೆ

ಪಂಚಾಯತಿಯೊಂದು ಚರಂಡಿ ಕಾಮಗಾರಿಗೆ ಟೆಂಡರ್ ಕರೆದಿದೆಯೆನ್ನೋಣ. ಅಗೆದ ಮಣ್ಣನ್ನು ಸಾಗಿಸಬೇಕೆಂದು ಷರತ್ತಿನಲ್ಲಿದೆ. ಎಷ್ಟು ದೂರಕ್ಕೆಂಬುದು ದರಪಟ್ಟಿಯಲ್ಲಿಲ್ಲ. ಗುತ್ತಿಗೆದಾರನೊಬ್ಬನು, “ಅರ್ಧ ಕಿಲೋಮೀಟರಿನೊಳಗೆ ನಮಗೆ ಜಾಗವಿದೆ, ಅಲ್ಲಿ ಸುರಿದರೆ ಸಾಕೇ?” ಎಂದು ಬರೆದರೆ, ತನ್ನ ದರ ಇಳಿಯುವ ಗುಟ್ಟನ್ನು ತಾನೇ ಬಿಟ್ಟುಕೊಟ್ಟಂತೆ. ಸಾಮಾನ್ಯವಾಗಿ ಕೇಳಿದವನ ಹೆಸರು ಮರೆಯಾದರೂ ಪ್ರಶ್ನೋತ್ತರಗಳು ಸ್ಪರ್ಧಿಗಳೆಲ್ಲರಿಗೂ ತಲಪುತ್ತವೆ.

ಆತನು ಕೇಳಬೇಕಾದದ್ದು ಹೀಗೆ: “ಷರತ್ತು 12ರಲ್ಲಿ ಸಾಗಣೆಯಿದೆ, ದರಪಟ್ಟಿಯ 4ನೆಯ ಬಾಬಿನಲ್ಲಿ ದೂರವಿಲ್ಲ. ಸಾಗಣೆಯು ಆ ದರದಲ್ಲಿಯೇ ಅಡಕವೇ, ಪ್ರತ್ಯೇಕ ಪಾವತಿಯುಂಟೇ? ಅಡಕವಾದರೆ ಗರಿಷ್ಠ ದೂರವೆಷ್ಟು? ಸುರಿಯುವ ಸ್ಥಳವನ್ನು ಗೊತ್ತುಪಡಿಸುವವರಾರು?” ಇದರಲ್ಲಿ ದಾಖಲೆಯ ಅಸ್ಪಷ್ಟತೆಯಷ್ಟೇ ಇದೆ, ಕೇಳುವವನ ಲೆಕ್ಕಾಚಾರವಿಲ್ಲ.

ಮೌನವೂ ಕ್ಷೇಮವಲ್ಲ. ದಾಖಲೆಯನ್ನು ಪೂರ್ಣವಾಗಿ ಪರಿಶೀಲಿಸಿಯೇ ದರ ನಮೂದಿಸಿದ್ದೇನೆಂಬ ಒಪ್ಪಿಗೆಯನ್ನು ಟೆಂಡರುಗಳು ಸಾಮಾನ್ಯವಾಗಿ ಬರೆಸಿಕೊಳ್ಳುವುದರಿಂದ, ಕೆಲಸ ಹಿಡಿದ ಮೇಲೆ ಹೆಚ್ಚುವರಿ ಹಣ ಕೇಳುವುದು ಕಷ್ಟ. ಸಭೆಯಲ್ಲಿ ಅಧಿಕಾರಿ ಬಾಯಿಮಾತಿನಲ್ಲಿ ಕೊಟ್ಟ ಉತ್ತರವನ್ನೂ ನೆಚ್ಚುವಂತಿಲ್ಲ. ಅದು ಲಿಖಿತ ತಿದ್ದುಪಡಿಯಾಗಿ ಟೆಂಡರ್ ದಾಖಲೆಗೆ ಸೇರಿತೇ ಎಂಬುದನ್ನು ನೋಡಿಕೊಂಡೇ ದರ ಬರೆಯತಕ್ಕದ್ದು.