‘ಅಗತ್ಯ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’: ಯಾರು? ಯಾವತ್ತು?

ಶಾಲೆಯಲ್ಲಿ ಪೋಷಕರ ಸಭೆ ಮುಗಿದ ಮೇಲೆ ಒಂದು ದಪ್ಪ ಪುಸ್ತಕ ಕೈಯಿಂದ ಕೈಗೆ ಬರುತ್ತದೆ. ಅದು ನಡಾವಳಿ ಪುಸ್ತಕ. ಓದು ಬಂದವರು ಸಹಿ ಹಾಕುತ್ತಾರೆ, ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಸಹಿಯ ಮೇಲೆ ಏನು ಬರೆದಿದೆ ಎಂದು ಓದುವವರು ಕಡಿಮೆ. ಕೆಲವು ಸಲ ಅಲ್ಲಿ ಏನೂ ಬರೆದೇ ಇರುವುದಿಲ್ಲ. "ಆಮೇಲೆ ಬರ್ಕೊಂತೀವಿ, ಸಹಿ ಮಾಡ್ರಿ" ಅನ್ನುತ್ತಾರೆ, ನಾವೂ ಮಾಡಿ ಮನೆಗೆ ಬರುತ್ತೇವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಸುದ್ದಿಗಾಗಿ ಓಡಾಡುವಾಗ ನಾವು ಇಂಥ ಪುಸ್ತಕಗಳನ್ನು ಆಗಾಗ ತೆರೆದು ನೋಡಿದ್ದೇವೆ. ಅವುಗಳ ಭಾಷೆ ಎಲ್ಲ ಕಡೆ ಒಂದೇ ಥರ. ಯಾವ ಶಾಲೆಯ ಹೆಸರೂ ಬೇಡ. ಆ ಧಾಟಿಯಲ್ಲೇ ನಾವು ಬರೆದಿರುವ ಒಂದು ಮಾದರಿ ಇದು:

"ವಿಷಯ 3: ಶೌಚಾಲಯದ ನೀರಿನ ಸಮಸ್ಯೆಯ ಕುರಿತು ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಿ, ಸಂಬಂಧಪಟ್ಟವರ ಗಮನಕ್ಕೆ ತಂದು ಅಗತ್ಯ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಓದಲು ಚೆನ್ನಾಗಿದೆ, ತಪ್ಪೂ ಇಲ್ಲ. ಆದರೆ ಇದನ್ನು ಓದಿದ ತಾಯಿಗೆ ಏನು ತಿಳಿಯಿತು? ಸಂಬಂಧಪಟ್ಟವರು ಅಂದರೆ ಮುಖ್ಯ ಶಿಕ್ಷಕರೋ, ಪಿಡಿಒ ಅವರೋ, ಬಿಇಒ ಅವರೋ? ಅಗತ್ಯ ಕ್ರಮ ಅಂದರೆ ಅರ್ಜಿ ಕೊಡುವುದೋ, ಪೈಪ್ ಹಾಕಿಸುವುದೋ? ಯಾವತ್ತಿನೊಳಗೆ? ಯಾರ ದುಡ್ಡಿನಲ್ಲಿ? ಈ ನಾಲ್ಕಕ್ಕೂ ಉತ್ತರ ಇಲ್ಲ. ಹಾಗಾಗಿ ಮುಂದಿನ ಸಭೆಯಲ್ಲಿ "ಯಾಕೆ ಆಗಿಲ್ಲ" ಎಂದು ಯಾರನ್ನೂ ಕೇಳಲು ಬರುವುದಿಲ್ಲ. ಆ ಸಭೆಯಲ್ಲೂ ಇದೇ ವಾಕ್ಯ ಬರೆದುಕೊಳ್ಳುತ್ತಾರೆ. ಅಷ್ಟು ದಿನ ನೀರಿಲ್ಲದ ಶೌಚಾಲಯಕ್ಕೆ ಹೋಗಲಾರದ ಏಳನೇ ತರಗತಿ ಹುಡುಗಿ ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತಿರುತ್ತಾಳೆ, ಇಲ್ಲ ಮನೆಯಲ್ಲೇ ಉಳಿಯುತ್ತಾಳೆ.

ತೊಂದರೆ ಇರುವುದು ‘ಲಾಯಿತು’ ಅನ್ನುವ ಬಾಲದಲ್ಲಿ. ತೀರ್ಮಾನಿಸಲಾಯಿತು, ಸೂಚಿಸಲಾಯಿತು, ಮನವರಿಕೆ ಮಾಡಲಾಯಿತು. ಈ ಪದಗಳಲ್ಲಿ ಕೆಲಸ ಇದೆ, ಮಾಡುವವರು ಇಲ್ಲ. ನಾವು ಮನೆಯಲ್ಲಿ ಹೀಗೆ ಮಾತಾಡುವುದಿಲ್ಲ. "ಹಸುವಿಗೆ ಮೇವು ಹಾಕಲಾಯಿತು" ಎಂದು ಯಾರೂ ಹೇಳಲ್ಲ, ಯಾರು ಹಾಕಿದರು ಅಂತ ಹೇಳುತ್ತೇವೆ.

ಅದೇ ವಿಷಯವನ್ನು ಹೀಗೂ ಬರೆಯಬಹುದು:

"3. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಿಲ್ಲ. ತೊಟ್ಟಿಯಿಂದ ಬರುವ ಪೈಪ್ ಒಡೆದಿದೆ.
ಏನು ಮಾಡುತ್ತೇವೆ: 20 ಅಡಿ ಹೊಸ ಪೈಪ್, 2 ನಲ್ಲಿ ಹಾಕಿಸುತ್ತೇವೆ.
ಯಾರು: ಮುಖ್ಯ ಶಿಕ್ಷಕರು ಸಾಮಾನು ತರಿಸುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷರು ನಿಂತು ಕೆಲಸ ಮಾಡಿಸುತ್ತಾರೆ.
ಯಾವತ್ತಿನೊಳಗೆ: ಜುಲೈ 19, ಶನಿವಾರ.
ದುಡ್ಡು: 2,400 ರೂಪಾಯಿ ಮೀರಬಾರದು. ಶಾಲಾ ಅನುದಾನದಿಂದ ಕೊಡುತ್ತೇವೆ. ಪೋಷಕರು ಏನೂ ಕೊಡಬೇಕಿಲ್ಲ.
ಬೇರೆ ಮಾತು: ಇದನ್ನು ಪಂಚಾಯಿತಿಯೇ ಮಾಡಿಸಲಿ ಎಂದು ಇಬ್ಬರು ಪೋಷಕರು ಹೇಳಿದರು."

ಇದರಲ್ಲಿ ಕೆಲವು ಸಣ್ಣ ವಿಷಯ ಗಮನಿಸಿ. ತಾರೀಖಿನ ಜೊತೆ ವಾರವೂ ಇದೆ. ‘15 ದಿನದೊಳಗೆ’ ಎಂದು ಬರೆದರೆ ಯಾವತ್ತಿನಿಂದ ಎಣಿಸಬೇಕು ಎಂಬ ಜಗಳ ಬರುತ್ತದೆ, ‘ಮುಂದಿನ ಶನಿವಾರ’ ಎಂದರೆ ತಡವಾಗಿ ಓದಿದವರಿಗೆ ಬೇರೆ ಶನಿವಾರ ಆಗುತ್ತದೆ. ‘ಪೋಷಕರು ಏನೂ ಕೊಡಬೇಕಿಲ್ಲ’ ಎಂಬುದೂ ಬೇಕು, ಯಾಕೆಂದರೆ ದುಡ್ಡಿನ ಮಾತು ಕಂಡ ತಕ್ಷಣ ಬಡ ಪೋಷಕರಿಗೆ ಬರುವ ಮೊದಲ ಹೆದರಿಕೆ ಅದೇ. ಒಪ್ಪದವರ ಮಾತೂ ಇದೆ. ‘ಸರ್ವಾನುಮತದಿಂದ’ ಎಂದು ಬರೆದು ಆ ಇಬ್ಬರನ್ನು ಅಳಿಸಿಬಿಟ್ಟರೆ, ಅವರು ಮುಂದಿನ ಸಭೆಗೆ ಬರುವುದನ್ನೇ ಬಿಡುತ್ತಾರೆ.

"ಎಲ್ಲಾ ಪೋಷಕರೂ ಅಷ್ಟಿಷ್ಟು ಓದಿದವರೇ ತಾನೆ" ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. 2011ರ ಜನಗಣತಿ ಪ್ರಕಾರ ದಾವಣಗೆರೆ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 76. ಅಂದರೆ ಏಳು ವರ್ಷ ಮೇಲ್ಪಟ್ಟ ನಾಲ್ವರಲ್ಲಿ ಮೂವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರು ಎಂದಷ್ಟೇ. ಬಸ್ಸಿನ ಬೋರ್ಡು ಓದುವವರೂ ಅದರಲ್ಲಿದ್ದಾರೆ, ಪದವಿ ಮಾಡಿದವರೂ ಇದ್ದಾರೆ. ಬಸ್ ಬೋರ್ಡು ಓದುವವರಿಗೆ ‘ಕ್ರಿಯಾಯೋಜನೆಗೆ ಅನುಮೋದನೆ ನೀಡಲಾಯಿತು’ ಎಂದರೆ ಅಕ್ಷರ ಕಾಣುತ್ತದೆ, ಅರ್ಥ ಸಿಗುವುದಿಲ್ಲ. ‘ಈ ವರ್ಷ ಏನೇನು ಕೆಲಸ ಮಾಡಬೇಕೆಂಬ ಪಟ್ಟಿಗೆ ಒಪ್ಪಿದೆವು’ ಎಂದರೆ ಇಬ್ಬರಿಗೂ ಸಿಗುತ್ತದೆ. ಹಾಗೆಂದು ಎಲ್ಲ ಪದ ಬದಲಿಸಬೇಕಿಲ್ಲ. ಎಸ್‌ಡಿಎಂಸಿ, ಟಿಸಿ, ಬಿಸಿಯೂಟ, ಪಿಡಿಒ ಇವು ಊರಿನವರ ಬಾಯಲ್ಲೇ ಇರುವ ಪದಗಳು.

ಓದೇ ಬಾರದವರಿಗೆ ಏನು ಮಾಡುವುದು? ನಡಾವಳಿ ಪುಸ್ತಕದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ ಸಾಲದು. ಕೈಬರಹ ಮಸುಕಾಗಿ ಬರುತ್ತದೆ, ಹಿಗ್ಗಿಸಿದರೆ ಸಾಲು ತಪ್ಪುತ್ತದೆ. ಅದರ ಬದಲು ತೀರ್ಮಾನಗಳನ್ನಷ್ಟೇ ಮೆಸೇಜಿನಲ್ಲೇ ಟೈಪ್ ಮಾಡಿ, ಜೊತೆಗೆ ಎರಡು ನಿಮಿಷದ ಧ್ವನಿ ಸಂದೇಶ ಕಳಿಸಬೇಕು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅಲ್ಲಿನ ಎಸ್‌ಡಿಎಂಸಿ ಸದಸ್ಯರೊಬ್ಬರು ಅದೇ ವಿಷಯವನ್ನು ಲಂಬಾಣಿಯಲ್ಲೂ ಹೇಳಿ ಕಳಿಸಬಹುದು. ಜಗಳೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೋದ ಅಪ್ಪನಿಗೂ, ಅಡಿಕೆ ಕೊಯ್ಲಿನ ದಿನ ಸಭೆಗೆ ಬರಲಾಗದ ಚನ್ನಗಿರಿಯ ತಾಯಿಗೂ ಧ್ವನಿ ತಲುಪುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗಾಗಿ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಬರೆದು ನ್ಯಾಯಬೆಲೆ ಅಂಗಡಿ ಇಲ್ಲವೇ ಹಾಲಿನ ಡೈರಿ ಗೋಡೆಗೆ ಅಂಟಿಸಬೇಕು. ಶಾಲೆಯ ಒಳಗಿನ ನೋಟಿಸ್ ಬೋರ್ಡನ್ನು ಪೋಷಕರು ನೋಡುವುದು ಅಪರೂಪ.

ಬರೆದದ್ದು ಸರಳವಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸುಲಭದ ದಾರಿ ಇದೆ. ಐದನೇ ತರಗತಿಯ ಮಗುವಿಗೆ ಹಾಳೆ ಕೊಟ್ಟು, ಓದು ಬಾರದ ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿಸಿ. ಆಮೇಲೆ ಅಜ್ಜಿಯನ್ನು ಕೇಳಿ: ಪೈಪ್ ಯಾರು ಹಾಕಿಸ್ತಾರೆ? ಯಾವತ್ತು? ನಾವು ದುಡ್ಡು ಕೊಡಬೇಕಾ? ಮಗು ತಡವರಿಸಿದ ಪದ ಬದಲಿಸಬೇಕಾದ ಪದ. ಅಜ್ಜಿ ಉತ್ತರ ಹೇಳದಿದ್ದರೆ ಸೋತದ್ದು ಅಜ್ಜಿ ಅಲ್ಲ, ಬರಹ.

ಒಂದು ಎಚ್ಚರಿಕೆಯೂ ಬೇಕು. ಸ್ಪಷ್ಟವಾಗಿ ಬರೆಯುವ ಹುಮ್ಮಸ್ಸಿನಲ್ಲಿ ಮಕ್ಕಳ ಹೆಸರು, ಅಂಕ, ಮನೆಯ ಕಷ್ಟ ಗೋಡೆಗೆ ಬರಬಾರದು. ‘ನಾಲ್ಕನೇ ತರಗತಿಯ ಕೆಲವು ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತಿಲ್ಲ, ಪ್ರತಿದಿನ ಅರ್ಧ ಗಂಟೆ ಹೆಚ್ಚಿಗೆ ಹೇಳಿಕೊಡುತ್ತೇವೆ’ ಎಂದರೆ ಸಾಕು. ತರಗತಿಯಲ್ಲಿ ಇರುವುದೇ ಐದಾರು ಮಕ್ಕಳಾದರೆ ‘ಇಬ್ಬರಿಗೆ ಬರುತ್ತಿಲ್ಲ’ ಎಂದು ಬರೆದರೂ ಊರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ಅಂಥ ಮಾತನ್ನು ಆ ಮಗುವಿನ ಪೋಷಕರೊಬ್ಬರ ಹತ್ತಿರವೇ ಆಡಬೇಕು.

ಶಿಕ್ಷಕರ ಕಡೆಯಿಂದ ಬರುವ ಆಕ್ಷೇಪಣೆ ಎರಡು. ಮೊದಲನೆಯದು, "ಇರುವ ರಿಜಿಸ್ಟರುಗಳೇ ಬರೆದು ಮುಗಿಯಲ್ಲ, ಇದೊಂದು ಬೇರೆನಾ?" ಈ ಮಾತು ನ್ಯಾಯವಾದದ್ದೇ. ಅದಕ್ಕೇ ಎರಡು ಸಲ ಬರೆಯಬೇಡಿ ಅನ್ನುತ್ತೇವೆ. ಏನು, ಯಾರು, ಯಾವತ್ತು, ದುಡ್ಡು ಎಂಬ ನಾಲ್ಕು ಸಾಲನ್ನು ಸಭೆ ನಡೆಯುವಾಗಲೇ ಪುಸ್ತಕದಲ್ಲಿ ಬರೆದುಬಿಟ್ಟರೆ ಗೋಡೆಯ ಹಾಳೆಗೂ ಮೆಸೇಜಿಗೂ ಅದನ್ನೇ ಇಳಿಸಿಕೊಳ್ಳಬಹುದು. ಹಾಗೆ ಇಳಿಸಿಕೊಂಡಾಗ ಮೂರೂ ಕಡೆ ಮೊತ್ತ ಮತ್ತು ತಾರೀಖು ಒಂದೇ ಇದೆಯೇ ಎಂದು ಒಮ್ಮೆ ತಾಳೆ ನೋಡಿ.

ಎರಡನೆಯದು, "ಮೇಲಿನವರು ನೋಡುವ ಪುಸ್ತಕ, ಕಚೇರಿ ಭಾಷೆಯಲ್ಲೇ ಇರಬೇಕು". ಲೆಕ್ಕ ನೋಡುವವರಿಗೆ ಬೇಕಾದದ್ದು ತಾರೀಖು, ಹಾಜರಿದ್ದವರು, ತೀರ್ಮಾನ, ಮೊತ್ತ, ಸಹಿ. ಇವೆಲ್ಲ ಸರಳ ಕನ್ನಡದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು. ಕೇಂದ್ರ ಸರ್ಕಾರದ 2010ರ ನಿಯಮಗಳು ಸಮಿತಿಯ ನಡಾವಳಿಯನ್ನು ಸರಿಯಾಗಿ ಬರೆದು ಜನರಿಗೆ ಸಿಗುವಂತೆ ಇಡಬೇಕು ಎನ್ನುತ್ತವೆ. ಜನರಿಗೆ ಸಿಗುವುದು ಅಂದರೆ ಕಪಾಟಿನಲ್ಲಿ ಇರುವುದಲ್ಲ, ಅರ್ಥವಾಗುವುದು ಎಂದೇ ನಾವು ತಿಳಿದಿದ್ದೇವೆ.

ಸರಳ ನಡಾವಳಿ ಪೈಪ್ ಹಾಕುವುದಿಲ್ಲ, ಅನುದಾನವನ್ನೂ ತರುವುದಿಲ್ಲ. ಅದು ಮಾಡುವುದು ಒಂದೇ ಕೆಲಸ: ಯಾವುದು ಎಲ್ಲಿ ನಿಂತಿದೆ ಎಂದು ತೋರಿಸುತ್ತದೆ. ಹಾಗಾಗಿ ಪ್ರತಿ ಸಭೆಯ ಮೊದಲ ವಿಷಯ ಹಿಂದಿನ ಸಭೆಯ ಹಾಳೆಯೇ ಆಗಬೇಕು. ಒಂದೊಂದು ತೀರ್ಮಾನದ ಎದುರು ‘ಆಗಿದೆ’ ಅಥವಾ ‘ಆಗಿಲ್ಲ, ಯಾಕೆಂದರೆ’ ಎಂದು ಬರೆಯಬೇಕು. ಅನುದಾನವೇ ಬಂದಿಲ್ಲದಿದ್ದರೆ ಅದನ್ನೂ ಬರೆಯಿರಿ, ಆಗ ಊರಿನ ಸಿಟ್ಟು ಮುಖ್ಯ ಶಿಕ್ಷಕರ ಮೇಲೆ ತಿರುಗುವುದಿಲ್ಲ. ಅವರಿಗೆ ವರ್ಗವಾದರೂ ಹೊಸಬರು ಬಂದ ದಿನವೇ ಯಾವ ಕೆಲಸ ಬಾಕಿ ಎಂದು ಹಾಳೆ ನೋಡಿ ತಿಳಿದುಕೊಳ್ಳುತ್ತಾರೆ.

ಪೋಷಕರಾದ ನಮ್ಮ ಕೈಯಲ್ಲೂ ಒಂದು ಕೆಲಸ ಇದೆ. ಮುಂದಿನ ಸಭೆಯಲ್ಲಿ ಪುಸ್ತಕ ನಮ್ಮ ಕೈಗೆ ಬಂದಾಗ ಖಾಲಿ ಹಾಳೆಗೆ ಸಹಿ ಹಾಕುವುದು ಬೇಡ. ಬರೆದ ಕೊನೆಯ ಸಾಲಿಗೂ ಮೊದಲ ಸಹಿಗೂ ನಡುವೆ ಜಾಗ ಉಳಿದಿದ್ದರೆ ಅಡ್ಡಗೆರೆ ಎಳೆಯಲು ಹೇಳೋಣ. ಓದು ಬಂದವರೂ ಬಾರದವರೂ ಹೆಬ್ಬೆಟ್ಟಿಗೆ ಶಾಯಿ ಹಚ್ಚುವ ಮೊದಲು ಒಂದು ಮಾತು ಕೇಳೋಣ: "ಬರೆದಿದ್ದು ಒಂದ್ಸಲ ಓದಿ ಹೇಳ್ರಿ ಮೇಷ್ಟ್ರೇ."